ಒಡೆದವರು ಯಾರು ಎಂಬ ಕಾಲಂ

ನಮ್ಮ ವಿಭಾಗದಲ್ಲಿ ‘ಲಿಟರೇಚರ್ ರಿವ್ಯೂ’ ಎಂದರೆ ಕತೆ ಕವಿತೆಗಳ ವಿಮರ್ಶೆಯಲ್ಲ. ಕೈಹಾಕಲಿರುವ ವಿಷಯದಲ್ಲಿ ಈವರೆಗೆ ಯಾರು ಏನು ಮಾಡಿದ್ದಾರೆ, ಅದರಲ್ಲಿ ಯಾವುದು ನಿಂತಿದೆ, ಯಾವುದು ಬಿದ್ದಿದೆ ಎಂದು ತಿಳಿಸುವ ಹನ್ನೆರಡು ಪುಟಗಳ ಬರಹ. ಈ ಸಲದ ಸ್ನಾತಕೋತ್ತರ ಸೆಮಿನಾರಿನಲ್ಲಿ ನನ್ನ ಪಾಲಿಗೆ ಬಂದದ್ದು ಮಷಿನ್ ಲರ್ನಿಂಗ್ ಮಾಡೆಲ್‌ಗಳನ್ನು ಬೇಕೆಂದೇ ದಾರಿ ತಪ್ಪಿಸುವ ದಾಳಿಗಳು. ಇಂಗ್ಲಿಷಿನಲ್ಲಿ ಇವಕ್ಕೆ ಅಡ್ವರ್ಸೇರಿಯಲ್ ಅಟ್ಯಾಕ್ ಎನ್ನುತ್ತಾರೆ. ಹನ್ನೆರಡು ಪುಟ ಬರೆದು ಕೊಡಬೇಕು, ನಲವತ್ತು ನಿಮಿಷ ಮಾತಾಡಬೇಕು, ಎದುರಿಗೆ ಎಂ.ಟೆಕ್ ಹುಡುಗರು ಮತ್ತು ಮೊದಲ ವರ್ಷದ ಸಂಶೋಧನಾರ್ಥಿಗಳು ಕೂತಿರುತ್ತಾರೆ. ಈ ವಿಷಯದ ಮೇಲೆ ಸಾವಿರಾರು ಪೇಪರ್‌ಗಳಿವೆ. ಅವುಗಳಲ್ಲಿ ಮೂವತ್ತನ್ನು ಆರಿಸುವುದಕ್ಕಿಂತ, ಆರಿಸಿದ ಮೂವತ್ತನ್ನು ಯಾವ ಸಾಲಿನಲ್ಲಿ ಕೂರಿಸಬೇಕು ಎನ್ನುವುದೇ ನನ್ನ ಒಂದು ತಿಂಗಳನ್ನು ತಿಂದಿತು.

ದಾಳಿ ಎಂದರೆ ಏನೆಂದು ಮೊದಲು ಹೇಳಿಬಿಡುತ್ತೇನೆ. ಎಲ್ಲರೂ ಕೊಡುವ ಉದಾಹರಣೆ ಪಾಂಡಾದ್ದು. 2014ರ ಕೊನೆಯಲ್ಲಿ ಇಯಾನ್ ಗುಡ್‌ಫೆಲೋ ಮತ್ತು ಇನ್ನಿಬ್ಬರು ಬರೆದ ಪೇಪರಿನಲ್ಲಿ ಒಂದು ಪಾಂಡಾ ಚಿತ್ರವಿದೆ. ಮಾಡೆಲ್ ಅದನ್ನು ನೋಡಿ ‘ಪಾಂಡಾ’ ಎನ್ನುತ್ತದೆ, ಶೇಕಡಾ 57.7ರಷ್ಟು ಭರವಸೆಯಿಂದ. ಆ ಚಿತ್ರಕ್ಕೆ ತೀರಾ ಸಣ್ಣ ಗದ್ದಲವೊಂದನ್ನು ಕೂಡಿಸಿದರು. ನಮ್ಮ ಕಣ್ಣಿಗೆ ಅದೇ ಪಾಂಡಾ. ಮಾಡೆಲ್ ಮಾತ್ರ ಅದು ಗಿಬ್ಬನ್ ಎಂದಿತು, ಶೇಕಡಾ 99.3ರಷ್ಟು ಭರವಸೆಯಿಂದ. ಆ ಗದ್ದಲ ಹೇಗೋ ಸಿಕ್ಕಿದ್ದಲ್ಲ. ಈ ಒಂದು ಚುಕ್ಕಿಯನ್ನು ಯಾವ ಕಡೆಗೆ ಸರಿಸಿದರೆ ನಿನ್ನ ತಪ್ಪು ಹೆಚ್ಚುತ್ತದೆ ಎಂದು ಮಾಡೆಲನ್ನೇ ಕೇಳಿ, ಅದು ಹೇಳಿದ ಕಡೆಗೆ ಪ್ರತಿ ಚುಕ್ಕಿಯನ್ನೂ ಕೂದಲೆಳೆಯಷ್ಟು ಸರಿಸಿದ್ದು. ಹಾಗೆ ಕೇಳಿದಾಗ ಸಿಗುವ ಉತ್ತರವನ್ನೇ ಗ್ರೇಡಿಯಂಟ್ ಎನ್ನುವುದು. 224ಕ್ಕೆ 224 ಅಳತೆಯ ಬಣ್ಣದ ಚಿತ್ರವೆಂದರೆ ಒಂದೂವರೆ ಲಕ್ಷ ಸಂಖ್ಯೆಗಳು. ಒಂದೊಂದರ ಬದಲಾವಣೆ ಲೆಕ್ಕಕ್ಕೇ ಬಾರದಷ್ಟು ಚಿಕ್ಕದು, ಆದರೆ ಎಲ್ಲವೂ ಒಂದೇ ಕಡೆಗೆ ಎಳೆಯುತ್ತವೆ. ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತೇವಲ್ಲ, ಅಷ್ಟೇ ಗಣಿತ.

ಇನ್ನು ಸಮೀಕ್ಷೆಯ ರೂಪದ ಮಾತು. ವಿಭಾಗದ ಕಪಾಟಿನಲ್ಲಿ ಹಳೆಯ ಸೆಮಿನಾರ್ ಬರಹಗಳನ್ನು ಬೈಂಡ್ ಮಾಡಿಸಿ ಇಟ್ಟಿದ್ದಾರೆ. ಹೆಚ್ಚಿನವುಗಳ ಕ್ರಮ ಒಂದೇ: ಪೇಪರಿಗೊಂದು ಪ್ಯಾರಾ. ಇಂಥವರು ಇಂಥ ವರ್ಷ ಇಂಥ ವಿಧಾನ ಸೂಚಿಸಿದರು, ಇಷ್ಟು ಶೇಕಡಾ ಫಲಿತಾಂಶ ಬಂತು. ಕೊನೆಗೊಂದು ಕೋಷ್ಟಕ. ಓದುತ್ತಿದ್ದರೆ ಮದುವೆಮನೆಯಲ್ಲಿ ಮುಯ್ಯಿ ಬರೆದಿಟ್ಟ ಪುಸ್ತಕ ನೆನಪಾಗುತ್ತದೆ. ಬಂದವರ ಹೆಸರು, ಕೊಟ್ಟ ಮೊತ್ತ. ಬೇರೆ ಎಷ್ಟೋ ವಿಷಯಗಳಿಗೆ ಈ ಕ್ರಮ ನೀರಸವಾದರೂ ಅಪಾಯಕಾರಿಯಲ್ಲ. ಈ ವಿಷಯದಲ್ಲಿ ಅದು ಓದುಗರಿಗೆ ಸುಳ್ಳು ಹೇಳಿಬಿಡುತ್ತದೆ. ಯಾಕೆಂದರೆ ಇಲ್ಲಿ ಒಬ್ಬರು ‘ನನ್ನ ಮಾಡೆಲ್ ದಾಳಿಗೆ ಬಗ್ಗುವುದಿಲ್ಲ’ ಎಂದು ಒಂದು ಅಂಕಿ ಕೊಟ್ಟರೆ, ಆ ಅಂಕಿಯ ಆಯುಸ್ಸು ಕೆಲವೊಮ್ಮೆ ಕೆಲವೇ ತಿಂಗಳು.

ನಾನು ಇಡೀ ಬರಹದ ನಡುಗಂಬವಾಗಿ ಇಟ್ಟುಕೊಂಡ ಪ್ರಸಂಗವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 2018ರ ಐಸಿಎಲ್ಆರ್ ಸಮ್ಮೇಳನಕ್ಕೆ ಆಯ್ಕೆಯಾದ ಪೇಪರ್‌ಗಳಲ್ಲಿ ‘ಥರ್ಮಾಮೀಟರ್ ಎನ್‌ಕೋಡಿಂಗ್’ ಎಂಬ ರಕ್ಷಣೆಯಿತ್ತು. ಉಪಾಯ ಸೊಗಸಾಗಿದೆ. ಚುಕ್ಕಿಯ ಬೆಲೆ 0.66 ಎಂದಿಟ್ಟುಕೊಳ್ಳಿ. ಅದನ್ನು ಹಾಗೇ ಮಾಡೆಲ್‌ಗೆ ಕೊಡುವ ಬದಲು ಹತ್ತು ಮನೆಗಳ ಪಟ್ಟಿಯಾಗಿ ಕೊಡುವುದು: 1111110000. ಜ್ವರ ನೋಡುವ ಹಳೆಯ ಥರ್ಮಾಮೀಟರಿನಲ್ಲಿ ಪಾದರಸ ಆರನೇ ಗೆರೆಯವರೆಗೆ ಏರಿದ ಹಾಗೆ. ಈಗ ದಾಳಿಕೋರ 0.66 ಅನ್ನು 0.67 ಮಾಡಿದರೂ ಪಟ್ಟಿ ಬದಲಾಗುವುದಿಲ್ಲ. ಸಿಫಾರ್-10 ಎಂಬ ಪುಟ್ಟ ಚಿತ್ರಗಳ ಸಂಗ್ರಹದಲ್ಲಿ, ಮಾಡೆಲಿನ ಒಳಹೊರಗೆಲ್ಲ ಬಲ್ಲ ದಾಳಿಕೋರನ ಎದುರು, ಅದುವರೆಗಿನ ಉತ್ತಮ ಫಲಿತಾಂಶ ಶೇಕಡಾ 50 ಇದ್ದದ್ದನ್ನು ತಾವು 79.16ಕ್ಕೆ ಏರಿಸಿದ್ದೇವೆ ಎಂದು ಲೇಖಕರು ಸಾರಾಂಶದಲ್ಲೇ ಹೇಳಿದರು.

ಸಮ್ಮೇಳನ ಇದ್ದದ್ದು ಏಪ್ರಿಲ್ ಕೊನೆಗೆ. ಫೆಬ್ರವರಿ ಮೊದಲ ದಿನವೇ ಅನೀಶ್ ಅಥಲ್ಯೆ, ನಿಕೊಲಸ್ ಕಾರ್ಲಿನಿ ಮತ್ತು ಡೇವಿಡ್ ವ್ಯಾಗ್ನರ್ ಇನ್ನೊಂದು ಪೇಪರನ್ನು ಹೊರಬಿಟ್ಟರು. ಆ ಸಮ್ಮೇಳನಕ್ಕೆ ಆಯ್ಕೆಯಾದ, ಗಣಿತದ ಖಾತರಿಯಿಲ್ಲದ ಒಂಬತ್ತು ರಕ್ಷಣೆಗಳನ್ನು ಅವರು ಪರೀಕ್ಷೆಗೆ ಒಡ್ಡಿದ್ದರು. ಏಳರ ಬಲ ಒಂದೇ ಬಗೆಯ ಮರೆಯಲ್ಲಿತ್ತು. ಆ ಏಳರಲ್ಲಿ ಆರು ಪೂರ್ತಿಯಾಗಿ, ಒಂದು ಭಾಗಶಃ ಒಡೆದವು. ಥರ್ಮಾಮೀಟರ್ ರಕ್ಷಣೆಯ 79 ಇಳಿದು 30ಕ್ಕೆ ಬಂತು. ಗಮನಿಸಬೇಕಾದ್ದು ಇಲ್ಲಿದೆ. ಈ ರಕ್ಷಣೆ ಒಂಟಿಯಾಗಿರಲಿಲ್ಲ, ಅಲೆಕ್ಸಾಂಡರ್ ಮ್ಯಾಡ್ರಿ ತಂಡದ ತರಬೇತಿ ವಿಧಾನದ ಮೇಲೆ ಕಟ್ಟಿದ್ದಾಗಿತ್ತು. ಆ ಮೂಲ ವಿಧಾನ ಒಂದೇ ಇದ್ದಾಗ ಇವರ ಕೈಯಲ್ಲಿ 47ರಷ್ಟು ಉಳಿದುಕೊಂಡಿತು. ಅಂದರೆ ಮೇಲೆ ಹೊದಿಸಿದ ಕವಚ ಒಳಗಿನವನನ್ನು ಇನ್ನಷ್ಟು ದುರ್ಬಲ ಮಾಡಿತ್ತು.

ಏನಿತ್ತು ಆ ಮರೆ? ಮೈಸೂರಿನವಳಾದ ನನಗೆ ಸುಲಭವಾಗಿ ಸಿಗುವ ಹೋಲಿಕೆ ಚಾಮುಂಡಿ ಬೆಟ್ಟದ್ದು. ಕಣ್ಣು ಕಟ್ಟಿಕೊಂಡವನೊಬ್ಬ ಬೆಟ್ಟ ಹತ್ತಬೇಕು ಎನ್ನಿ. ಅವನಿಗಿರುವುದು ಕಾಲಿನ ಅಂದಾಜು ಮಾತ್ರ. ಪಾದದಿಂದ ಸುತ್ತ ಒಂದು ಗೇಣು ತಡವಿ, ಯಾವ ಕಡೆ ಏರಿದೆಯೋ ಆ ಕಡೆ ಹೆಜ್ಜೆ ಇಡುತ್ತಾನೆ. ಬೆಟ್ಟ ಇಳಿಜಾರಾಗಿದ್ದರೆ ಇಷ್ಟೇ ಸಾಕು, ಮೇಲೆ ತಲುಪುತ್ತಾನೆ. ಗ್ರೇಡಿಯಂಟ್ ಹಿಡಿದು ನಡೆಯುವ ದಾಳಿಯೂ ಹೀಗೇ, ಏರು ಎಂದರೆ ಇಲ್ಲಿ ಮಾಡೆಲಿನ ತಪ್ಪು. ಈಗ ಅದೇ ಬೆಟ್ಟಕ್ಕೆ ಅಗಲವಾದ ಮೆಟ್ಟಿಲು ಕಟ್ಟಿ. ಮೆಟ್ಟಿಲಿನ ನಡುವೆ ನಿಂತು ಗೇಣಗಲ ತಡವಿದರೆ ಎಲ್ಲ ಕಡೆಯೂ ಮಟ್ಟಸ. ಏರೇ ಇಲ್ಲ ಎಂದುಕೊಂಡು ಅವನು ಅಲ್ಲೇ ನಿಲ್ಲುತ್ತಾನೆ. ರಕ್ಷಣೆ ಕಟ್ಟಿದವರು ನೋಡಿ, ದಾಳಿ ನಿಂತಿತು ಎನ್ನುತ್ತಾರೆ. ಬೆಟ್ಟ ಒಂದಿಂಚೂ ತಗ್ಗಿಲ್ಲ. ಥರ್ಮಾಮೀಟರ್ ಮಾಡಿದ್ದು ಇಂಥ ಮೆಟ್ಟಿಲು ಕಟ್ಟುವ ಕೆಲಸ. ಅಥಲ್ಯೆ ಮತ್ತು ಸಂಗಡಿಗರ ಉಪಾಯ ಸರಳವಾಗಿತ್ತು: ನಿಂತಿರುವ ಜಾಗ ಲೆಕ್ಕ ಹಾಕುವಾಗ ನಿಜವಾದ ಮೆಟ್ಟಿಲನ್ನೇ ಬಳಸು, ಮುಂದಿನ ದಿಕ್ಕು ಕಂಡುಹಿಡಿಯುವಾಗ ಮಾತ್ರ ಮೆಟ್ಟಿಲಿನ ಪಕ್ಕದಲ್ಲೊಂದು ಇಳಿಜಾರಿದೆ ಎಂದು ಭಾವಿಸಿಕೋ. ಆ ಇಳಿಜಾರು ಕಲ್ಪಿತ. ಆದರೆ ಮೆಟ್ಟಿಲುಗಳು ಒಟ್ಟಾರೆ ಯಾವ ಕಡೆ ಏರುತ್ತವೆ ಎಂಬುದನ್ನು ಅದು ಸರಿಯಾಗಿ ಹೇಳುತ್ತದೆ.

ಮುಯ್ಯಿ ಪುಸ್ತಕದ ಕ್ರಮದಲ್ಲಿ ಈ ಎರಡು ಪೇಪರ್‌ಗಳೂ ಬರುತ್ತವೆ. ಥರ್ಮಾಮೀಟರ್ ‘ರಕ್ಷಣೆಗಳು’ ಅಧ್ಯಾಯದಲ್ಲಿ, 79.16 ಎಂಬ ಅಂಕಿಯೊಂದಿಗೆ. ಅಥಲ್ಯೆ ‘ದಾಳಿಗಳು’ ಅಧ್ಯಾಯದಲ್ಲಿ, ನಾಲ್ಕು ಪುಟ ಹಿಂದೆ. ಎರಡರಲ್ಲೂ ಬರೆದದ್ದೆಲ್ಲ ನಿಜ, ಆದರೆ ಓದಿ ಮುಗಿಸಿದ ವಿದ್ಯಾರ್ಥಿಯ ತಲೆಯಲ್ಲಿ ಉಳಿಯುವುದು 79. ದಾಳಿ ಮತ್ತು ರಕ್ಷಣೆಯನ್ನು ಬೇರೆ ಬೇರೆ ಅಧ್ಯಾಯ ಮಾಡಬಾರದು ಎಂದು ನಾನು ನಿರ್ಧರಿಸಿದ್ದು ಈ ಕಾರಣಕ್ಕೆ. ಆದರೆ ಬೇರೆ ಮಾಡದಿದ್ದರೆ ಮತ್ತೆ ಹೇಗೆ ಗುಂಪು ಮಾಡುವುದು? ಕಾಲಕ್ರಮದಲ್ಲಿ ಹಾಕಿದರೆ ಬರೀ ಗದ್ದಲ, ವರ್ಷಕ್ಕೆ ಹತ್ತು ಹೊಡೆದಾಟ.

ದಾರಿ ತೋರಿಸಿದ್ದು ಹಾಸ್ಟೆಲಿನ ಪಕ್ಕದ ರೂಮಿನವಳು. ಅವಳದು ಕನ್ನಡ ಎಂ.ಎ., ಈಗ ಹಳಗನ್ನಡ ಕಾವ್ಯವೊಂದರ ಹಸ್ತಪ್ರತಿಗಳ ಮೇಲೆ ಪಿಎಚ್.ಡಿ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ ಅವಳ ಮೇಜು ಬಿಟ್ಟು ಕದಲುವುದಿಲ್ಲ. ನನ್ನ ಏಳು ರಕ್ಷಣೆಗಳ ಗೋಳು ಕೇಳಿ ಅವಳು, “ಏಳು ಪ್ರತಿ ಇವೆ ಅಂತ ಏಳು ಸಾಕ್ಷಿ ಆಗಲ್ಲ ಕಣೇ” ಎಂದಳು. “ಏಳೂ ಒಂದೇ ತಾಯಿಪ್ರತಿ ನೋಡಿ ಬರೆದಿದ್ರೆ ಒಂದೇ ಸಾಕ್ಷಿ. ಅದನ್ನ ಕಂಡುಹಿಡಿಯೋದು ಹೇಗೆ ಗೊತ್ತಾ? ಸರಿಯಿರೋ ಕಡೆ ಎಲ್ಲ ಪ್ರತಿಗಳೂ ಒಂದೇ ಥರ ಇರ್ತವೆ, ಅದ್ರಿಂದ ಏನೂ ತಿಳಿಯಲ್ಲ. ಒಂದೇ ಜಾಗದಲ್ಲಿ ಒಂದೇ ತಪ್ಪು ಇದ್ರೆ ಅವು ನೆಂಟರು.”

ಲಿಪಿಕಾರನೊಬ್ಬ ಒಂದು ಸಾಲು ಬಿಟ್ಟಿದ್ದರೆ, ಅದನ್ನು ನೋಡಿ ನಕಲು ಮಾಡಿದ ಎಲ್ಲ ಪ್ರತಿಗಳಲ್ಲೂ ಆ ಸಾಲು ಇರುವುದಿಲ್ಲ. ಇದನ್ನು ನನ್ನ ಪೇಪರ್‌ಗಳಿಗೆ ಹಚ್ಚಿ ನೋಡಿದೆ. ರಕ್ಷಣೆಗಳನ್ನು ಅವುಗಳ ಜಾಣತನದಿಂದ ಗುಂಪು ಮಾಡಿದರೆ ಏಳು ಬೇರೆ ಬೇರೆ ಜಾಣತನಗಳಿವೆ. ಅವು ಯಾಕೆ ಬಿದ್ದವು ಎಂಬುದರಿಂದ ಗುಂಪು ಮಾಡಿದರೆ ಮೂರೇ ಮನೆತನಗಳು. ಅಥಲ್ಯೆ ಪೇಪರೇ ಈ ಮೂರನ್ನು ಹೆಸರಿಸುತ್ತದೆ. ಒಂದು, ಮೆಟ್ಟಿಲು ಕಟ್ಟಿ ಗ್ರೇಡಿಯಂಟನ್ನು ಚೂರು ಮಾಡುವವು. ಥರ್ಮಾಮೀಟರ್ ಈ ಮನೆಯದು. ಎರಡು, ಪ್ರತಿಸಲವೂ ಬೇರೆ ಉತ್ತರ ಕೊಟ್ಟು ದಾಳಿಕೋರನನ್ನು ಗೊಂದಲಗೊಳಿಸುವವು. ಮಾಡೆಲ್‌ಗೆ ಕೊಡುವ ಮೊದಲು ಚಿತ್ರವನ್ನು ಮನಬಂದ ಅಳತೆಗೆ ಹಿಗ್ಗಿಸಿ, ಸುತ್ತ ಮನಬಂದಷ್ಟು ಅಂಚು ಸೇರಿಸುವ ರಕ್ಷಣೆ ಇಲ್ಲಿಯದು. ಇದಕ್ಕೆ ಪರಿಹಾರವೆಂದರೆ ಒಂದೇ ಸಲ ಕೇಳದೆ ಹಲವು ಸಲ ಕೇಳಿ ಸರಾಸರಿ ತೆಗೆಯುವುದು. ಸಂತೆಯಲ್ಲಿ ಹತ್ತು ಅಂಗಡಿ ಸುತ್ತಿ ಬೆಲೆ ಅಂದಾಜು ಮಾಡುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮೂರು, ಲೆಕ್ಕವನ್ನು ಎಷ್ಟು ಉದ್ದದ ಸರಪಳಿಯಾಗಿ ಮಾಡುತ್ತವೆಂದರೆ ಗ್ರೇಡಿಯಂಟ್ ಅದರಲ್ಲಿ ಸಾಗಿ ಬರುವಷ್ಟರಲ್ಲಿ ಇಂಗಿಹೋಗುತ್ತದೆ ಅಥವಾ ಸಿಡಿಯುತ್ತದೆ.

ಇವು ಬರಹದ ಐದು ಪುಟ ತೆಗೆದುಕೊಂಡವು. ಒಂದೊಂದು ಮನೆತನಕ್ಕೆ ಒಂದೇ ಪ್ರತಿನಿಧಿಯನ್ನು ಆರಿಸಿ, ಅದರ ಉಪಾಯ, ಲೇಖಕರ ಅಂಕಿ, ಒಡೆದವರ ಉಪಾಯ, ಉಳಿದ ಅಂಕಿ, ಇಷ್ಟನ್ನು ಒಂದೇ ಉಸಿರಿನಲ್ಲಿ ಹೇಳಿದೆ. ಉಳಿದವು ಒಂದೊಂದು ಸಾಲಿನಲ್ಲಿ ನೆಂಟರಾಗಿ ಬಂದು ಹೋದವು. ಒಂಬತ್ತರಲ್ಲಿ ಮಿಕ್ಕ ಎರಡೂ ಬೇರೆ ಜಾತಿಯವು. ದಾಳಿಗೊಳಗಾದ ಚಿತ್ರಗಳನ್ನೇ ತೋರಿಸಿ ತೋರಿಸಿ ಮಾಡೆಲ್‌ಗೆ ತರಬೇತಿ ಕೊಡುವಂಥವು, ಮ್ಯಾಡ್ರಿಯವರದು ಅದರಲ್ಲೊಂದು. ಅವುಗಳಲ್ಲಿ ಮರೆ ಇರಲಿಲ್ಲ. ಬೆಲೆ ಮಾತ್ರ ಇತ್ತು: ಸಾಮಾನ್ಯ ತರಬೇತಿಯಲ್ಲಿ ಶೇಕಡಾ 95 ಸರಿ ಹೇಳುತ್ತಿದ್ದ ಮಾಡೆಲ್ ಈ ತರಬೇತಿಯ ನಂತರ, ಯಾರೂ ದಾಳಿ ಮಾಡದಾಗಲೂ, 87ಕ್ಕೆ ಇಳಿಯುತ್ತದೆ.

ಮರೆ ಇದೆಯೋ ಇಲ್ಲವೋ ತಿಳಿಯುವ ಗುರುತುಗಳಿಗೆ ಒಂದು ಪೂರ್ತಿ ಪುಟ ಕೊಟ್ಟೆ. ಸೆಮಿನಾರಿಗೆ ಬರುವವರು ನಾಳೆ ತಾವೇ ಪೇಪರ್ ಓದುವಾಗ ಕೈಗೆ ಸಿಗಬೇಕಾದ್ದು ಇದೇ. ಒಂದೇ ಹೆಜ್ಜೆಯ ದಾಳಿಗಿಂತ ಹಲವು ಹೆಜ್ಜೆಯ ದಾಳಿ ಕಡಿಮೆ ಯಶಸ್ವಿಯಾಗಿದ್ದರೆ ಅನುಮಾನಪಡಬೇಕು. ಅಷ್ಟೇ ದೂರ ಹೋಗಲು ಹತ್ತು ಹೆಜ್ಜೆ ಸಿಕ್ಕವನು ಒಂದೇ ನೆಗೆತದವನಿಗಿಂತ ಹಿಂದೆ ಬಿದ್ದಿದ್ದಾನೆ ಎಂದರೆ ಅವನಿಗೆ ದಾರಿಯೇ ಕಾಣುತ್ತಿಲ್ಲ. ಮಾಡೆಲಿನ ಒಳಗನ್ನು ಬಲ್ಲ ದಾಳಿಕೋರನಿಗಿಂತ ಹೊರಗಿನವನೇ ಹೆಚ್ಚು ಗೆದ್ದಿದ್ದರೂ ಹಾಗೆಯೇ. ಬೀಗದ ಕೈ ಇರುವವನು ಇಲ್ಲದವನಿಗಿಂತ ಕಷ್ಟಪಡಬಾರದು. ಮೂರನೆಯದು ನನಗೆ ತುಂಬಾ ಇಷ್ಟವಾದ ಗುರುತು. ಚುಕ್ಕಿಗಳನ್ನು ಎಷ್ಟು ಬೇಕಾದರೂ ಬದಲಿಸು ಎಂದು ದಾಳಿಕೋರನಿಗೆ ಪೂರ್ತಿ ಬಿಡುಗಡೆ ಕೊಟ್ಟು ನೋಡುವುದು. ಆಗ ಅವನು ಪಾಂಡಾ ಅಳಿಸಿ ಬೆಕ್ಕನ್ನೇ ಬರೆಯಬಹುದು, ನೂರಕ್ಕೆ ನೂರು ಗೆಲ್ಲಲೇಬೇಕು. ಗೆಲ್ಲದಿದ್ದರೆ ರಕ್ಷಣೆ ಗಟ್ಟಿಯೆಂದಲ್ಲ, ದಾಳಿ ಕೆಟ್ಟಿದೆ ಎಂದರ್ಥ.

ಇಷ್ಟಾದ ಮೇಲೆ ಕೋಷ್ಟಕಕ್ಕೆ ಕಾಲಂಗಳನ್ನು ಆರಿಸಿಕೊಂಡೆ. ದಾಳಿಕೋರನಿಗೆ ಏನು ಗೊತ್ತು. ಅವನು ಏನನ್ನು, ಎಷ್ಟು ಬದಲಿಸಬಹುದು. ಲೇಖಕರೇ ಕೊಟ್ಟ ಅಂಕಿ. ಆಮೇಲೆ ಒಡೆಯಲು ನೋಡಿದವರು ಯಾರು, ಎಷ್ಟು ಉಳಿಯಿತು. ಎರಡನೆಯ ಕಾಲಂ ಇಲ್ಲದೆ ಮೂರನೆಯದಕ್ಕೆ ಅರ್ಥವೇ ಇಲ್ಲ. ಸಿಫಾರ್-10ರಲ್ಲಿ ಸಾಮಾನ್ಯವಾಗಿ ಒಪ್ಪಿಕೊಂಡ ಮಿತಿ 255ರಲ್ಲಿ 8, ಅಂದರೆ 0ಯಿಂದ 255ರವರೆಗಿನ ಪ್ರತಿ ಬಣ್ಣದ ಬೆಲೆಯನ್ನು ಹೆಚ್ಚೆಂದರೆ 8ರಷ್ಟು ಅತ್ತಿತ್ತ ಸರಿಸಬಹುದು. ಕೈಬರಹದ ಅಂಕೆಗಳ ಎಂನಿಸ್ಟ್ ಸಂಗ್ರಹದಲ್ಲಿ ಅದೇ ಮಿತಿ 0.3, ಅಂದರೆ ಸುಮಾರು 76. ಒಂದರಲ್ಲಿ 47, ಇನ್ನೊಂದರಲ್ಲಿ 90 ಎಂದು ಪಕ್ಕಪಕ್ಕ ಬರೆದರೆ ಗೇಣನ್ನೂ ಮೊಳವನ್ನೂ ಒಂದೇ ಎಂದು ಅಳೆದ ಹಾಗೆ.

ನಾಲ್ಕನೆಯ ಕಾಲಂ ತುಂಬಲು ಓದುವ ದಿಕ್ಕನ್ನೇ ಬದಲಿಸಬೇಕು. ಪೇಪರಿನ ಕೊನೆಯ ಆಕರಪಟ್ಟಿ ಹಿಡಿದು ಹೋದರೆ ನಾವು ಹಿಂದಕ್ಕೆ ಹೋಗುತ್ತೇವೆ, ಅದಕ್ಕಿಂತ ಹಳೆಯವೇ ಸಿಗುತ್ತವೆ. ಒಡೆದವರು ಯಾವಾಗಲೂ ಆಮೇಲೆ ಬಂದವರು. ಹಾಗಾಗಿ ಪ್ರತಿಯೊಂದು ರಕ್ಷಣೆಯ ಪೇಪರನ್ನೂ ಆಮೇಲೆ ಯಾರು ಯಾರು ಉಲ್ಲೇಖಿಸಿದ್ದಾರೆ ಎಂದು ಮುಂದಕ್ಕೆ ಹುಡುಕಬೇಕು. ಒಂದೊಂದಕ್ಕೆ ನೂರಾರು ಉಲ್ಲೇಖಗಳಿರುತ್ತವೆ, ಹೆಚ್ಚಿನವು ಮುನ್ನುಡಿಯಲ್ಲಿ ಹೆಸರು ಹೇಳಿ ಮುಂದೆ ಹೋದವು. ಶೀರ್ಷಿಕೆಯಲ್ಲೋ ಸಾರಾಂಶದಲ್ಲೋ bypass, circumvent, adaptive ಎಂಬ ಮಾತು ಇರುವವನ್ನು ಮೊದಲು ತೆರೆದೆ. ಹಾಗೆ ಹೋದಾಗ ಸಿಕ್ಕಿದ್ದು ಫ್ಲೋರಿಯನ್ ಟ್ರಾಮೆರ್ ಮತ್ತು ಇನ್ನು ಮೂವರ 2020ರ ಪೇಪರ್. ಅವರು ಇನ್ನೂ ಹದಿಮೂರು ರಕ್ಷಣೆಗಳನ್ನು ಒಡೆದಿದ್ದರು. ಆ ಹದಿಮೂರರ ಲೇಖಕರು 2018ರ ಪಾಠ ಓದಿದವರೇ, ತಮ್ಮ ರಕ್ಷಣೆಗೆ ತಕ್ಕ ದಾಳಿಯನ್ನು ತಾವೇ ಹೆಣೆದು ಪರೀಕ್ಷಿಸಿದ್ದವರೇ. ಆದರೂ ಬಿದ್ದವು. ಕಟ್ಟಿದವನ ಕೈಗೆ ಕೊಡಲಿ ಕೊಟ್ಟು ಮನೆ ಗಟ್ಟಿಯೇ ನೋಡು ಎಂದರೆ ಅವನು ಎಷ್ಟು ಜೋರಾಗಿ ಹೊಡೆದಾನು? ಇದು ನನ್ನ ಮಾತು, ಪೇಪರಿನದಲ್ಲ.

ಕೆಲವು ಸಾಲುಗಳಲ್ಲಿ ನಾಲ್ಕನೆಯ ಕಾಲಂ ಖಾಲಿ ಉಳಿಯಿತು. ಅಲ್ಲಿ ‘ಒಡೆದಿಲ್ಲ’ ಎಂದು ಬರೆಯಲು ಮನಸ್ಸಾಗಲಿಲ್ಲ, ‘ಯಾರೂ ನೋಡಿಲ್ಲ’ ಎಂದು ಬರೆದೆ. ಒಂದೇ ಒಂದು ಗುಂಪಿಗೆ ಈ ಕಾಲಂ ಬೇಕಿರಲಿಲ್ಲ, ಗಣಿತದಿಂದಲೇ ಖಾತರಿ ಕೊಡುವವಕ್ಕೆ. 2019ರಲ್ಲಿ ಜೆರೆಮಿ ಕೋಹೆನ್ ಮತ್ತು ಜೊತೆಗಾರರು ತೋರಿಸಿದ ರೀತಿಯಲ್ಲಿ, ಒಂದು ಚಿತ್ರಕ್ಕೆ ಸಾವಿರಾರು ಸಲ ಬೇರೆ ಬೇರೆ ಗದ್ದಲ ಬೆರೆಸಿ ಮಾಡೆಲನ್ನು ಕೇಳಿ ಬಹುಮತದ ಉತ್ತರ ತೆಗೆದುಕೊಂಡರೆ, ಇಷ್ಟು ದೂರದೊಳಗಿನ ಯಾವ ಬದಲಾವಣೆಯೂ ಉತ್ತರವನ್ನು ಕೆಡಿಸದು ಎಂದು ಸಾಧಿಸಬಹುದು. ಆದರೆ ಆ ಖಾತರಿ ಒಂದು ಬಗೆಯ ದೂರಕ್ಕೆ ಮಾತ್ರ, ಆ ದೂರವೂ ಚಿಕ್ಕದು.

ಗೈಡ್ ಮೇಡಂಗೆ ಕರಡು ಕೊಟ್ಟಾಗ ಅವರು ಮೊದಲ ಪುಟ ತಿರುವಿ, “ಪಾಂಡಾ ಎಲ್ಲಮ್ಮಾ?” ಎಂದರು. ಪಾಂಡಾ ನಾಲ್ಕನೆಯ ಪುಟದಲ್ಲಿತ್ತು. ಮೊದಲ ಪುಟದಲ್ಲಿ ನಾನಿಟ್ಟದ್ದು ಸ್ಪ್ಯಾಮ್ ಇಮೇಲ್. ಈ ವಿಷಯದ ಇತಿಹಾಸ ಪಾಂಡಾದಿಂದ ಶುರುವಾಗುವುದಿಲ್ಲ. 2004ರಲ್ಲೇ ನೀಲೇಶ್ ದಾಳ್ವಿ, ಪೆಡ್ರೊ ಡೊಮಿಂಗೋಸ್, ಮೌಸಮ್ ಮೊದಲಾದವರು ಸ್ಪ್ಯಾಮ್ ಜರಡಿಯನ್ನು ಜರಡಿಗೂ ಕಳಿಸುವವನಿಗೂ ನಡುವಿನ ಆಟವೆಂದು ಬರೆದಿದ್ದರು. ಮರುವರ್ಷ ಡೇನಿಯಲ್ ಲೌಡ್ ಮತ್ತು ಕ್ರಿಸ್ಟೋಫರ್ ಮೀಕ್, ಜಾಹೀರಾತಿನ ಮೇಲ್‌ಗೆ ಒಳ್ಳೆಯ ಮೇಲ್‌ಗಳಲ್ಲಿ ಬರುವ ಪದಗಳನ್ನು ತುರುಕಿದರೆ ಜರಡಿ ಹೇಗೆ ಮೋಸಹೋಗುತ್ತದೆಂದು ತೋರಿಸಿದರು. ಅಲ್ಲಿನ ದಾಳಿಕೋರನಿಗೆ ಬದಲಾವಣೆ ಕಣ್ಣಿಗೆ ಕಾಣಬಾರದು ಎಂಬ ನಿಯಮವೇ ಇಲ್ಲ. ಮೇಲ್ ತಲುಪಬೇಕು, ಮಾತ್ರೆಯ ಬೆಲೆ ಓದಲು ಸಿಗಬೇಕು, ಅಷ್ಟೇ. ಕಾಣದಷ್ಟು ಸಣ್ಣ ಬದಲಾವಣೆ ಎಂಬುದು ಪಾಂಡಾ ಕಾಲದವರು ಹಾಕಿಕೊಂಡ ಆಟದ ನಿಯಮ. ಅಳೆಯಲು ಸುಲಭವೆಂದು ಹಾಕಿಕೊಂಡದ್ದು, ಕಳ್ಳರನ್ನು ಕೇಳಿ ಹಾಕಿದ್ದಲ್ಲ. ಪಾಂಡಾದಿಂದ ಆರಂಭಿಸಿದರೆ ಆ ನಿಯಮವೇ ಪ್ರಕೃತಿನಿಯಮದಂತೆ ಕಾಣುತ್ತದೆ. ಮೇಡಂ ಒಪ್ಪಿದರು. “ಆದರೆ ಹುಡುಗರು ಪಾಂಡಾ ಕೇಳ್ತಾರೆ, ಸ್ಲೈಡಿನಲ್ಲಾದರೂ ಮುಂಚೆ ಹಾಕಿ” ಎಂದರು. ಹಾಕಿದೆ.

ಎಲ್ಲಿ ಬೇಲಿ ಹಾಕಬೇಕೆಂಬುದೂ ರಚನೆಯ ಭಾಗವೇ. ತರಬೇತಿಯ ದತ್ತಾಂಶಕ್ಕೇ ವಿಷ ಬೆರೆಸುವ ದಾಳಿಗಳನ್ನು ಒಂದು ವಾಕ್ಯದಲ್ಲಿ ಹೇಳಿ ಹೊರಗಿಟ್ಟೆ. ಪಠ್ಯದ ಮೇಲಿನ ದಾಳಿಗಳನ್ನು ಹೊರಗಿಡುವಾಗ ಮಾತ್ರ ಕೈ ತಡೆಯಿತು, ಕಾರಣ ಬರೆಯಲು ಒಂದು ಪ್ಯಾರಾ ಬೇಕಾಯಿತು. ಚಿತ್ರದಲ್ಲಿ ‘ಸಣ್ಣ ಬದಲಾವಣೆ’ಯನ್ನು ಸಂಖ್ಯೆಯಲ್ಲಿ ಹೇಳಬಹುದು. ಭಾಷೆಯಲ್ಲಿ? ಹಾಲು ಮತ್ತು ಹಾಳು ನಡುವೆ ಇರುವುದು ಒಂದೇ ಅಕ್ಷರ. ಕಣ್ಣಿಗೆ ನಿಜಕ್ಕೂ ಕಾಣದ ಬದಲಾವಣೆಗಳೂ ಇವೆ. ಅಗೋಚರ ಅಕ್ಷರಗಳನ್ನೂ ಒಂದೇ ತೆರನಾಗಿ ಕಾಣುವ ಬೇರೆ ಅಕ್ಷರಗಳನ್ನೂ ತುರುಕಿ ಭಾಷಾ ಮಾಡೆಲ್‌ಗಳನ್ನು ಕೆಡಿಸುವ ದಾಳಿಯನ್ನು ನಿಕೊಲಸ್ ಬೌಚರ್ ಮತ್ತು ಸಂಗಡಿಗರು ವಿವರಿಸಿದ್ದಾರೆ. ಇದಕ್ಕೆ ಯಾರಿಗಾದರೂ ಥಟ್ಟನೆ ಹೊಳೆಯುವ ಪರಿಹಾರ ಅಗೋಚರ ಅಕ್ಷರಗಳನ್ನೆಲ್ಲ ಮೊದಲೇ ತೆಗೆದುಹಾಕುವುದು. ಇಂಗ್ಲಿಷಿಗೆ ಅದು ನಡೆದೀತು. ಕನ್ನಡದಲ್ಲಿ ‘ಸಾಫ್ಟ್‌ವೇರ್’ ಎಂದು ಬಿಡಿಸಿ ಬರೆಯುವಾಗ ಟ್ ಮತ್ತು ವೇ ನಡುವೆ ಇರುವುದು ಅಂಥದ್ದೇ ಕಾಣದ ಅಕ್ಷರ. ಅದನ್ನು ತೆಗೆದರೆ ‘ಸಾಫ್ಟ್ವೇರ್’ ಎಂದು ಒತ್ತಕ್ಷರವಾಗಿ ಅಂಟಿಕೊಳ್ಳುತ್ತದೆ. ಸೊನ್ನೆ ೦ ಮತ್ತು ಅನುಸ್ವಾರ ಂ ಕಂಪ್ಯೂಟರಿಗೆ ಎರಡು ಬೇರೆ ಅಕ್ಷರಗಳು. ಒಂದರ ಜಾಗದಲ್ಲಿ ಇನ್ನೊಂದನ್ನು ಟೈಪ್ ಮಾಡುವವರು ದಾಳಿಕೋರರಲ್ಲ, ನಮ್ಮ ನಿಮ್ಮಂಥವರು. ಇಲ್ಲಿ ಯಾವುದು ದಾಳಿ, ಯಾವುದು ಬರವಣಿಗೆಯ ರೂಢಿ ಎಂದು ವಿಂಗಡಿಸದೆ ಒಂದು ಸಾಲಿನ ಕೋಷ್ಟಕವೂ ಹಾಕಲಾಗದು. ಅದಕ್ಕೆ ಬೇರೆಯೇ ಹನ್ನೆರಡು ಪುಟ ಬೇಕು ಎಂದು ಬರೆದು ಬೇಲಿ ಹಾಕಿದೆ.

ಕೊನೆಗೆ ಉಳಿದದ್ದು ಕೋಷ್ಟಕದ ಒಂದು ಸಾಲು. ನಮ್ಮದೇ ಲ್ಯಾಬಿನಿಂದ ಕೆಲವು ವರ್ಷಗಳ ಹಿಂದೆ ಒಂದು ಪೇಪರ್ ಬಂದಿತ್ತು. ಬರೆದವರು ನನ್ನ ಸೀನಿಯರ್, ನಾನು ಅಕ್ಕ ಎಂದೇ ಕರೆಯುವುದು. ಈಗ ಬೇರೆ ಊರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಚುಕ್ಕಿಗಳ ಬೆಲೆಯನ್ನು ಕೆಲವೇ ಹಂತಗಳಿಗೆ ಇಳಿಸಿ ಮಾಡೆಲ್‌ಗೆ ಕೊಡುವ ರಕ್ಷಣೆ. ಒಂದು ಹೆಜ್ಜೆಯ ದಾಳಿಯ ಎದುರು ಚೆನ್ನಾಗಿ ನಿಂತಿತ್ತು, ಬೇರೆ ಪರೀಕ್ಷೆ ಆಗಿರಲಿಲ್ಲ. ಮೊದಲ ಮನೆತನದ ವರ್ಣನೆ ಬರೆಯುವಾಗಲೇ ಅದು ಯಾರ ನೆಂಟಸ್ತಿಕೆ ಎಂದು ಗೊತ್ತಾಗುತ್ತಿತ್ತು. ಮೂವತ್ತರಲ್ಲಿ ಅದನ್ನು ಸೇರಿಸಲೇಬೇಕೆಂಬ ಒತ್ತಾಯವೇನೂ ಇರಲಿಲ್ಲ. ಆದರೆ ನನ್ನ ಪ್ರಬಂಧದ ಎರಡನೆಯ ಅಧ್ಯಾಯ ಅದರ ಮೇಲೇ ಕಟ್ಟುವುದೆಂದು ನಿಶ್ಚಯವಾಗಿತ್ತು. ಸೆಮಿನಾರಿನಲ್ಲಿ ಬಿಟ್ಟು ಪ್ರಬಂಧದಲ್ಲಿ ಹಿಡಿದುಕೊಳ್ಳಲು ಆಗುತ್ತದೆಯೇ? ಸೇರಿಸಿದರೆ ನಾಲ್ಕನೆಯ ಕಾಲಂನಲ್ಲಿ ಏನು ಬರೆಯುವುದು? ‘ಯಾರೂ ನೋಡಿಲ್ಲ’ ಎಂಬುದು ನಿಜವೇ. ಆದರೆ ಕೋಡ್ ಪಕ್ಕದ ಕಂಪ್ಯೂಟರಿನಲ್ಲೇ ಇರುವಾಗ ಹಾಗೆ ಬರೆಯುವುದು ಜಾಣಕುರುಡು.

ಫೋನ್ ಮಾಡಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ನಮ್ಮ ಲ್ಯಾಬಿಂದು ಅಂತ ಬಿಡಬೇಡ” ಎಂದರು ಆಮೇಲೆ. “ಆದ್ರೆ ಅನುಮಾನದ ಮೇಲೆ ಬರೀಬೇಡ ಮಾರಾಯ್ತಿ. ಓಡಿಸಿ ನೋಡಿ ಬರಿ. ಟ್ರೇನ್ ಮಾಡಿದ ಮಾಡೆಲ್ ಹಳೇ ಡಿಸ್ಕಲ್ಲಿರಬೇಕು, ಹುಡುಕು.”

ಡಿಸ್ಕಿನಲ್ಲಿತ್ತು. ಮೊದಲು ಗುರುತುಗಳನ್ನೇ ನೋಡಿದೆ. ಒಂದು ಹೆಜ್ಜೆಯ ದಾಳಿ ಪೇಪರಿನಲ್ಲಿದ್ದಷ್ಟೇ ಚಿತ್ರಗಳನ್ನು ಕೆಡಿಸಿತು. ಹತ್ತು ಹೆಜ್ಜೆಯದು ಅದಕ್ಕಿಂತ ಕಡಿಮೆ ಕೆಡಿಸಿತು. ಎಷ್ಟು ಬೇಕಾದರೂ ಬದಲಿಸು ಎಂದು ಬಿಟ್ಟರೂ ನೂರಕ್ಕೆ ನೂರು ಮುಟ್ಟಲಿಲ್ಲ. ಹಂತ ಮಾಡುವ ಭಾಗಕ್ಕೆ, ದಿಕ್ಕು ಲೆಕ್ಕ ಹಾಕುವಾಗ ಮಾತ್ರ, ಹಾಕಿದ್ದನ್ನು ಹಾಗೇ ಹಿಂತಿರುಗಿಸುವ ಸಾದಾ ಇಳಿಜಾರನ್ನು ಇಟ್ಟೆ. ಬರೆಯಬೇಕಾದದ್ದು ನಾಲ್ಕೈದು ಸಾಲಿನ ಕೋಡ್. ಸಂಜೆ ಮೆಸ್ಸಿಗೆ ಹೋಗಿ ಬರುವಷ್ಟರಲ್ಲಿ ಓಟ ಮುಗಿದಿತ್ತು. ಸರಿಯಾಗಿ ಗುರುತಿಸುತ್ತಿದ್ದ ಚಿತ್ರಗಳಲ್ಲಿ ಹೆಚ್ಚಿನವು ಬಿದ್ದಿದ್ದವು. ದಾಳಿಯಿಲ್ಲದಾಗ ಮಾಡೆಲ್ ಎಂದಿನಂತೆ ಸರಿಯಾಗಿಯೇ ಉತ್ತರಿಸುತ್ತದೆಯೇ ಎಂದು ಇನ್ನೊಮ್ಮೆ ನೋಡಿದೆ, ಉತ್ತರಿಸುತ್ತಿತ್ತು. ಕೆಟ್ಟಿದ್ದು ನನ್ನ ಓಟವಲ್ಲ ಎಂದು ಖಾತ್ರಿಯಾಯಿತು.

ಮೇಡಂಗೆ ಒಂದು ತಕರಾರಿತ್ತು. ಸಮೀಕ್ಷೆಯೆಂದರೆ ಪ್ರಕಟವಾದವನ್ನು ನೋಡುವುದು, ನಮ್ಮ ಪ್ರಯೋಗ ತಂದು ಸೇರಿಸುವುದಲ್ಲ ಎಂದರು. ಅದೂ ಸರಿಯೇ. ನಾಲ್ಕನೆಯ ಕಾಲಂನಲ್ಲಿ ಅಂಕಿಯ ಪಕ್ಕ ಒಂದು ನಕ್ಷತ್ರ ಹಾಕಿ, ಕೆಳಗೆ ‘ಅಪ್ರಕಟಿತ, ಇದೇ ಸಮೀಕ್ಷೆಗಾಗಿ ಲೇಖಕಿಯ ಒಪ್ಪಿಗೆಯಿಂದ ಓಡಿಸಿದ್ದು’ ಎಂದು ಬರೆದು, ನನ್ನ ಹೆಸರು, ತಾರೀಖು, ಕೋಡ್ ಇಟ್ಟ ಜಾಗ ಕೊಡುವುದೆಂದು ತೀರ್ಮಾನವಾಯಿತು. ಎರಡನೆಯ ಅಧ್ಯಾಯ ಏನಾಗಬೇಕೆಂಬುದನ್ನು ಸೆಮಿನಾರ್ ಮುಗಿದ ಮೇಲೆ ಕೂತು ಮಾತಾಡೋಣ ಎಂದರು.

ಸಾಲು ಹೇಗೆ ಕಾಣುತ್ತದೆಂದು ಅಕ್ಕನಿಗೆ ಕಳಿಸಿದೆ. ರಾತ್ರಿ ಹನ್ನೊಂದರ ಹೊತ್ತಿಗೆ ಉತ್ತರ ಬಂತು: “ಇಳಿಜಾರಿನ ಕೋಡ್ ಕಳಿಸು. ನಾನೂ ಓಡಿಸಿ ನೋಡ್ತೀನಿ.”